ಮೊದಲು ಅಳತೆ, ಆಮೇಲೆ ಟಿಕೆಟ್: ಕೆಂಪೇಗೌಡ ನಿಲ್ದಾಣದಲ್ಲಿ ಬೆಕ್ಕು ನಾಯಿಗಳ ವಿಮಾನಯಾನ

ಹೆಬ್ಬಾಳದ ಮೇಲ್ಸೇತುವೆ ಇಳಿದು ಸಾದಹಳ್ಳಿ ಟೋಲ್ ದಾಟಿ ಮುಂದೆ ಹೋದರೆ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ದಾರಿಯಲ್ಲಿ ಪ್ರಯಾಣಿಕರ ಟರ್ಮಿನಲ್‌ಗಳಿಗೆ ಒಂದು ಫಲಕ, ಕಾರ್ಗೋಗೆ ಇನ್ನೊಂದು ಫಲಕ ಕಾಣುತ್ತವೆ. ಸೂಟ್‌ಕೇಸ್ ಹಿಡಿದು ಬಂದವರು ಎರಡನೆಯದನ್ನು ಓದುವುದೇ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯನ್ನೋ ಬೆಕ್ಕನ್ನೋ ಕೂರಿಸಿಕೊಂಡು ಬಂದವರು ಮಾತ್ರ ಯಾವ ಕಡೆ ತಿರುಗಬೇಕೆಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡಿರಬೇಕು.

ಪ್ರಾಣಿಗೆ ವಿಮಾನದಲ್ಲಿ ಮೂರು ದಾರಿಗಳಿವೆ. ಒಡೆಯರ ಕಾಲ ಬಳಿ, ಮುಂದಿನ ಸೀಟಿನ ಕೆಳಗೆ ಬ್ಯಾಗಿನಲ್ಲಿ ಕೂತು ಹೋಗುವುದು ಒಂದು. ಒಡೆಯರದೇ ವಿಮಾನದಲ್ಲಿ, ಅವರ ಲಗೇಜಿನ ಲೆಕ್ಕದಲ್ಲಿ, ಕೆಳಗಿನ ಸರಕು ಕೋಣೆಯಲ್ಲಿ ಹೋಗುವುದು ಇನ್ನೊಂದು. ಯಾರ ಟಿಕೆಟ್ಟಿಗೂ ಸೇರದೆ, ಪ್ರತ್ಯೇಕ ಏರ್‌ವೇ ಬಿಲ್ ಮೇಲೆ ಕಾರ್ಗೋ ಆಗಿ ಹೋಗುವುದು ಮೂರನೆಯದು. ಮೊದಲೆರಡಕ್ಕೆ ಬಾಗಿಲು ಟರ್ಮಿನಲ್, ಕೊನೆಯದಕ್ಕೆ ಕಾರ್ಗೋ ಸಂಕೀರ್ಣ. ಈ ಎರಡೂ ಬಾಗಿಲುಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ಮುಂಬೈಗೆ ಮನೆ ಬದಲಿಸುತ್ತಿದ್ದ ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ತನ್ನ ನಾಟಿ ಬೆಕ್ಕು ಸುಬ್ಬಿಯನ್ನು ಕ್ಯಾಬಿನ್ನಿನಲ್ಲಿ ಒಯ್ದಾಗ ನಾನೂ ಅದೇ ವಿಮಾನದಲ್ಲಿದ್ದೆ. ದೆಹಲಿಯ ಮಗನ ಮನೆಗೆ ಹೊರಟ ನೆರೆಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಕಳಿಸಿದಾಗ ಅವರ ಜತೆ ಕಾರ್ಗೋ ಕಡೆಗೂ ಹೋಗಿದ್ದೆ.

ಟರ್ಮಿನಲ್ 1: ತಕ್ಕಡಿಯ ಮುಂದೆ ಬೆಕ್ಕು

ಟರ್ಮಿನಲ್ 1ರ ನಿರ್ಗಮನ ದ್ವಾರದಲ್ಲಿ ಟಿಕೆಟ್, ಗುರುತಿನ ಚೀಟಿ ತೋರಿಸಿ ಒಳಗೆ ಕಾಲಿಟ್ಟರೆ, ಈಗೀಗ ಹೆಚ್ಚಿನ ಪ್ರಯಾಣಿಕರು ಯಂತ್ರದಲ್ಲೇ ಬೋರ್ಡಿಂಗ್ ಪಾಸ್ ತೆಗೆದುಕೊಂಡು ನೇರ ಮುಂದಕ್ಕೆ ಹೋಗುತ್ತಾರೆ. ಪ್ರಾಣಿ ಇದ್ದವರಿಗೆ ಆ ಸೌಕರ್ಯವಿಲ್ಲ, ಅವರು ಕೌಂಟರಿಗೇ ಹೋಗಬೇಕು. ಬ್ಯಾಗಿನ ತೂಕ, ಅಳತೆ, ಕಾಗದಪತ್ರಗಳನ್ನು ಅಲ್ಲಿ ಮನುಷ್ಯರೇ ನೋಡುತ್ತಾರೆ. ಅದಕ್ಕಾಗಿ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಬರುವುದು ಕ್ಷೇಮ.

ಎಲ್ಲ ಕಂಪನಿಗಳೂ ಪ್ರಾಣಿಗಳನ್ನು ಹತ್ತಿಸಿಕೊಳ್ಳುವುದಿಲ್ಲ. ದೇಶದಲ್ಲಿ ಅತಿ ಹೆಚ್ಚು ವಿಮಾನ ಹಾರಿಸುವ ಇಂಡಿಗೊ, ಅಂಗವಿಕಲರಿಗೆ ನೆರವಾಗುವ ತರಬೇತಿ ಪಡೆದ ನಾಯಿಗಳನ್ನು ಬಿಟ್ಟರೆ ಸಾಕುಪ್ರಾಣಿಗಳನ್ನು ಒಯ್ಯುವುದಿಲ್ಲ. ಏರ್ ಇಂಡಿಯಾ ಬಹಳ ಕಾಲದಿಂದ ಒಯ್ಯುತ್ತಿದೆ. ಆಕಾಸ ಏರ್ 2022ರ ನವೆಂಬರಿನಲ್ಲಿ ಶುರು ಮಾಡಿತು. ಆಗ ಕ್ಯಾಬಿನ್ನಿನ ಮಿತಿ 7 ಕಿಲೊ ಇತ್ತು, ಮುಂದೆ ಅದನ್ನು 10 ಕಿಲೊಗೆ ಏರಿಸಿತು. ಹೀಗೆ ಒಂದೇ ಕಂಪನಿಯ ನಿಯಮವೂ ನಡುವೆ ಬದಲಾಗುವುದರಿಂದ ಸ್ನೇಹಿತರು ಎರಡು ವರ್ಷದ ಹಿಂದೆ ಹೇಳಿದ ಸಂಖ್ಯೆಯನ್ನು ನಂಬಿ ಬ್ಯಾಗ್ ಕೊಳ್ಳಬಾರದು. ಕಂಪನಿಯ ಜಾಲತಾಣದಲ್ಲಿ ಆ ದಿನ ಏನಿದೆಯೋ ಅದೇ ನಿಯಮ.

ಇಲ್ಲಿ ಹೆಚ್ಚಿನವರು ಎಡವುವುದು ತೂಕದ ಅರ್ಥದಲ್ಲಿ. ಮಿತಿ ಇರುವುದು ಪ್ರಾಣಿಯ ತೂಕಕ್ಕಲ್ಲ, ಪ್ರಾಣಿ ಮತ್ತು ಬ್ಯಾಗ್ ಎರಡೂ ಸೇರಿದ ತೂಕಕ್ಕೆ. ಸುಬ್ಬಿ ನಾಲ್ಕೂವರೆ ಕಿಲೊ, ಬ್ಯಾಗು ಒಂದೂಕಾಲು ಕಿಲೊ. ಒಳಗೆ ಹಾಸಿದ ಬಟ್ಟೆ, ಹೀರುವ ಪ್ಯಾಡು ಸೇರಿ ತಕ್ಕಡಿ ಆರು ಕಿಲೊ ತೋರಿಸಿತು. ಚಿಂತೆಯಿರಲಿಲ್ಲ. ಆದರೆ ಎಂಟೂವರೆ ಕಿಲೊ ತೂಗುವ ಪಗ್ ನಾಯಿಯನ್ನು ಎರಡು ಕಿಲೊ ತೂಗುವ ಗಟ್ಟಿ ಪ್ಲಾಸ್ಟಿಕ್ ಬಾಕ್ಸಿನಲ್ಲಿ ತಂದವರಿಗೆ 10 ಕಿಲೊ ಮಿತಿಯಲ್ಲೂ ಕ್ಯಾಬಿನ್ ಬಾಗಿಲು ತೆರೆಯುವುದಿಲ್ಲ. ಅದೇ ನಾಯಿಯನ್ನು ಒಂದು ಕಿಲೊ ತೂಗುವ ಬಟ್ಟೆಯ ಬ್ಯಾಗಿನಲ್ಲಿ ತಂದಿದ್ದರೆ ಹೋಗಬಹುದಿತ್ತು.

ಅಳತೆಯ ತೊಡಕು ಇದಕ್ಕಿಂತ ಸೂಕ್ಷ್ಮ. ಪ್ರಾಣಿ ಬ್ಯಾಗಿನೊಳಗೆ ನಿಲ್ಲಬೇಕು, ತಿರುಗಬೇಕು, ಮಲಗಬೇಕು ಎಂದು ನಿಯಮ ಹೇಳುತ್ತದೆ. ಅದೇ ಬ್ಯಾಗು ಸೀಟಿನ ಕೆಳಗೆ ಹಿಡಿಸಬೇಕೆಂದೂ ಹೇಳುತ್ತದೆ. ಇವೆರಡೂ ಒಂದನ್ನೊಂದು ಎಳೆದಾಡುತ್ತವೆ, ಮತ್ತು ಕೊನೆಗೆ ಗೆಲ್ಲುವುದು ಸೀಟೇ. ಅದಕ್ಕೇ ಕ್ಯಾಬಿನ್ನಿಗೆ ಮೆತ್ತನೆಯ ಬ್ಯಾಗು ಅನುಕೂಲ. ಅದರ ಮೇಲ್ಭಾಗ ಒಂದೆರಡು ಇಂಚು ಬಾಗುತ್ತದೆ. ಗಟ್ಟಿ ಬಾಕ್ಸು ಅರ್ಧ ಇಂಚು ಹೆಚ್ಚಾದರೂ ಒಳಕ್ಕೆ ಹೋಗುವುದಿಲ್ಲ. ಕಂಪನಿಯಿಂದ ಕಂಪನಿಗೆ ಈ ಅಳತೆ ಬೇರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹಾರುವ ಲುಫ್ತಾನ್ಸಾ ಕ್ಯಾಬಿನ್ನಿನಲ್ಲಿ ಬ್ಯಾಗ್ ಸೇರಿ 8 ಕಿಲೊ, 55×40×23 ಸೆಂಟಿಮೀಟರ್ ಎಂದು ಮಿತಿ ಹಾಕಿದೆ. ದೇಶದೊಳಗೆ 10 ಕಿಲೊಗೆ ಒಪ್ಪಿಗೆಯಾದ ನಾಯಿ ಅಲ್ಲಿ ಕೆಳಗಿನ ಕೋಣೆಗೆ ಹೋಗಬೇಕಾಗುತ್ತದೆ.

ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಮೊದಲು ಹುಡುಕಿದ್ದು ಅಕ್ಕನ ಹೆಸರಿನ ಮುಂದಿದ್ದ `PETC` ಎಂಬ ನಾಲ್ಕು ಅಕ್ಷರಗಳನ್ನು. ಕ್ಯಾಬಿನ್ನಿನಲ್ಲಿ ಪ್ರಾಣಿ ಇದೆ ಎಂಬುದಕ್ಕೆ ವಿಮಾನ ಕಂಪನಿಗಳ ಸಂಕೇತ ಇದು. ಕೆಳಗಿನ ಸರಕು ಕೋಣೆಗಾದರೆ `AVIH`. ಒಂದು ವಿಮಾನದ ಕ್ಯಾಬಿನ್ನಿಗೆ ಕೆಲವೇ ಪ್ರಾಣಿಗಳಿಗೆ ಅವಕಾಶವಿರುತ್ತದೆ. ಜಾಗ ಭರ್ತಿಯಾಗಿದ್ದರೆ ನಿಮ್ಮ ಟಿಕೆಟ್ ಖಚಿತವಾಗಿದ್ದರೂ ಬೆಕ್ಕಿಗೆ ಸೀಟಿಲ್ಲ. ಆದ್ದರಿಂದ ಅಕ್ಕ ಟಿಕೆಟ್ ಕೊಳ್ಳುವ ಮುಂಚೆಯೇ ಕಂಪನಿಗೆ ಫೋನ್ ಮಾಡಿ ಆ ದಿನದ ವಿಮಾನದಲ್ಲಿ ಜಾಗ ಇದೆಯೇ ಎಂದು ಕೇಳಿದ್ದಳು. ಆಮೇಲೆ ಟಿಕೆಟ್ ಕೊಂಡು, ಅದೇ ದಿನ ಸುಬ್ಬಿಯನ್ನು ಬುಕ್ಕಿಂಗಿಗೆ ಸೇರಿಸಿ, ಈ ಸಂಕೇತ ಸೇರಿತೇ ಎಂದು ಇಮೇಲಿನಲ್ಲಿ ಉತ್ತರ ತರಿಸಿಕೊಂಡಿದ್ದಳು. ಫೋನಿನಲ್ಲಿ "ಆಯ್ತು ಮೇಡಂ" ಅಂದದ್ದು ಕೌಂಟರಿನ ಪರದೆಯ ಮೇಲೆ ಮೂಡದಿದ್ದರೆ ಅದು ಆದಂತಲ್ಲ.

"ವ್ಯಾಕ್ಸಿನ್ ಬುಕ್ ಕೊಡಿ, ಫಿಟ್ನೆಸ್ ಸರ್ಟಿಫಿಕೇಟ್ ಕೊಡಿ," ಎಂದು ಕೇಳಿದ ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಪುಸ್ತಕದಲ್ಲಿ ರೇಬೀಸ್ ಲಸಿಕೆಯ ದಿನಾಂಕ ಮತ್ತು ಮುಂದಿನದು ಯಾವಾಗ ಎಂಬುದು. ಸರ್ಟಿಫಿಕೇಟಿನಲ್ಲಿ ಪ್ರಯಾಣಕ್ಕೆ ಯೋಗ್ಯ ಎಂಬ ಮಾತು, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ. ಈ ಸರ್ಟಿಫಿಕೇಟಿಗೆ ಆಯುಸ್ಸು ಕಡಿಮೆ, ಪ್ರಯಾಣಕ್ಕೆ ಎಷ್ಟು ಗಂಟೆ ಅಥವಾ ದಿನ ಮುಂಚೆ ಬರೆಸಿರಬೇಕು ಎಂಬುದನ್ನು ಪ್ರತಿ ಕಂಪನಿ ತಾನೇ ಗೊತ್ತುಮಾಡಿದೆ. ಬೇಗ ಮಾಡಿಸಿಟ್ಟುಕೊಂಡರೆ ಒಳ್ಳೆಯದೆಂದು ಹದಿನೈದು ದಿನ ಮುಂಚೆ ಬರೆಸಿದ ಕಾಗದ ಕೌಂಟರಿನಲ್ಲಿ ಕೆಲಸಕ್ಕೆ ಬಾರದು. ಬೇಗ ಮಾಡಬೇಕಾದ್ದು ಲಸಿಕೆ, ಕೊನೆಗೆ ಮಾಡಬೇಕಾದ್ದು ಸರ್ಟಿಫಿಕೇಟ್.

ಭದ್ರತಾ ತಪಾಸಣೆ: ಬ್ಯಾಗು ಯಂತ್ರಕ್ಕೆ, ಬೆಕ್ಕು ಕೈಗೆ

ಕ್ಯಾಬಿನ್ ಪ್ರಯಾಣದ ಅತಿ ಅಪಾಯದ ಘಟ್ಟ ಭದ್ರತಾ ತಪಾಸಣೆ. ಖಾಲಿ ಬ್ಯಾಗು ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ಪ್ರಾಣಿ ಎಂದಿಗೂ ಅದರ ಬೆಲ್ಟಿನ ಮೇಲೆ ಹೋಗಕೂಡದು. ಅದನ್ನು ಹೊರಗೆ ತೆಗೆದು ಎತ್ತಿಕೊಂಡೇ ಒಡೆಯರು ತಪಾಸಣೆ ಮುಗಿಸಬೇಕು. ಎಕ್ಸ್‌ರೇ ಯಂತ್ರದ ಬೆಲ್ಟಿನ ಗಡಗಡ, ಟ್ರೇಗಳು ಬೀಳುವ ಸದ್ದು, ಹಿಂದಿನಿಂದ ನೂಕುವ ಜನ. ಬೆಚ್ಚಿದ ಬೆಕ್ಕು ಕೈಯಿಂದ ಜಿಗಿದರೆ ಅಷ್ಟು ದೊಡ್ಡ ಕಟ್ಟಡದಲ್ಲಿ ಹಿಡಿಯುವುದು ಕಷ್ಟ.

ಇದಕ್ಕೆ ಉಪಾಯ ಎದೆಗೆ ಕಟ್ಟುವ ಹಾರ್ನೆಸ್ ಮತ್ತು ಗಿಡ್ಡ ಹಗ್ಗ. ಮನೆಯಲ್ಲೇ ತೊಡಿಸಿ, ಹಗ್ಗದ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡ ಮೇಲೆ ಬ್ಯಾಗಿನ ಜಿಪ್ ತೆಗೆಯಬೇಕು. ಕುತ್ತಿಗೆಯ ಪಟ್ಟಿ ಬೆಕ್ಕಿಗೆ ಸಾಲದು, ತಲೆ ಹಿಂದಕ್ಕೆಳೆದು ನುಸುಳಿಬಿಡುತ್ತದೆ. ಅಕ್ಕ ಸರದಿಗೆ ಮುಂಚೆಯೇ ಸಿಬ್ಬಂದಿಯ ಬಳಿ "ಬೆಕ್ಕಿದೆ, ಪಕ್ಕದಲ್ಲಿ ನೋಡ್ತೀರಾ?" ಎಂದು ಕೇಳಿದಳು. ಮಹಿಳೆಯರ ತಪಾಸಣೆಗಿರುವ ಪರದೆಯ ಒಳಗೆ ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು. ಪರದೆ ಎಳೆದ ಜಾಗದಲ್ಲಿ ಬೆಕ್ಕು ಜಿಗಿದರೂ ದೂರ ಹೋಗಲಾರದು.

ವಿಮಾನದೊಳಗೆ ತುರ್ತು ನಿರ್ಗಮನದ ಸಾಲು ಪ್ರಾಣಿ ಇರುವವರಿಗೆ ಸಿಗುವುದಿಲ್ಲ. ಬ್ಯಾಗು ಮುಂದಿನ ಸೀಟಿನ ಕೆಳಗೆ, ಜಿಪ್ ಮುಚ್ಚಿದ ಸ್ಥಿತಿಯಲ್ಲೇ ಇರಬೇಕು. ವಿಮಾನ ಏರುವಾಗ ಸುಬ್ಬಿ ಎರಡು ಸಲ ಕೂಗಿತು, ಆಮೇಲೆ ಸುಮ್ಮನಾಯಿತು. ಸುಮ್ಮನಾಗಲು ಕಾರಣ ಔಷಧವಲ್ಲ. ಆ ಬ್ಯಾಗು ಒಂದು ತಿಂಗಳಿಂದ ಮನೆಯ ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಸುಬ್ಬಿಯ ಮಧ್ಯಾಹ್ನದ ನಿದ್ದೆ ಅದರಲ್ಲೇ ನಡೆಯುತ್ತಿತ್ತು. ಪ್ರಯಾಣದ ಬೆಳಿಗ್ಗೆ ಊಟವನ್ನು ಸ್ವಲ್ಪಕ್ಕೆ ಇಳಿಸಿ, ಹಲವು ಗಂಟೆ ಮುಂಚೆಯೇ ಕೊಟ್ಟು ಮುಗಿಸಿದ್ದರು. ನೀರನ್ನು ಮಾತ್ರ ನಿಲ್ಲಿಸಿರಲಿಲ್ಲ.

ಕಾರ್ಗೋ: ನಾಲ್ಕು ಅಳತೆಯ ಲೆಕ್ಕ

ಇನ್ನು ಕಾರ್ಗೋ. ಅಲ್ಲಿ ಗಾಜಿನ ಗೋಡೆಯಿಲ್ಲ, ಕಾಫಿ ಅಂಗಡಿಯ ಸಾಲಿಲ್ಲ. ಲಾರಿಗಳು ಹಿಂದಕ್ಕೆ ಬಂದು ನಿಲ್ಲುವ ಕಟ್ಟೆಗಳು, ದೊಡ್ಡ ತಕ್ಕಡಿ, ಫೋರ್ಕ್‌ಲಿಫ್ಟ್‌ಗಳ ಓಡಾಟ. ಹೂವಿನ ಪೆಟ್ಟಿಗೆ, ಔಷಧದ ಡಬ್ಬಗಳ ನಡುವೆ ಒಂದು ಕ್ರೇಟ್ ಇಳಿಸಿ ನಿಂತರೆ ನಿಮ್ಮ ನಾಯಿ ಕಾಗದದಲ್ಲಿ ಒಂದು ಸರಕು. ಆದರೆ ಜೀವ ಇರುವ ಸರಕಾದ್ದರಿಂದ ಅದಕ್ಕೆ ಬೇರೆಯೇ ನಿಯಮಪುಸ್ತಕ ಇದೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಅಯಾಟಾ, ಪ್ರತಿ ವರ್ಷ ಪರಿಷ್ಕರಿಸಿ ಪ್ರಕಟಿಸುವ ಜೀವಂತ ಪ್ರಾಣಿ ಸಾಗಣೆ ನಿಯಮಾವಳಿ ಅದು. ಕೌಂಟರಿನವರ ಕೈಯಲ್ಲಿರುವುದು ಅದರ ತಪಾಸಣಾ ಪಟ್ಟಿ. ಒಂದು ಪ್ರಶ್ನೆಗೆ "ಇಲ್ಲ" ಎಂದು ಗುರುತು ಬಿದ್ದರೂ ಕ್ರೇಟನ್ನು ಸ್ವೀಕರಿಸುವಂತಿಲ್ಲ.

ನೆರೆಮನೆಯವರ ಲ್ಯಾಬ್ರಡಾರಿಗೆ ಹೆಸರು ಭೀಮ, ತೂಕ 29 ಕಿಲೊ. ಅಷ್ಟು ದೊಡ್ಡ ನಾಯಿಗೆ ಬೇಕಾದ ಪ್ಲಾಸ್ಟಿಕ್ ಕ್ರೇಟೇ ಸುಮಾರು 10 ಕಿಲೊ. ಒಟ್ಟು 39. ಲಗೇಜಿನಲ್ಲಿ ಒಂದು ನಗಕ್ಕೆ ಸಾಮಾನ್ಯವಾಗಿ ಇರುವ ಗರಿಷ್ಠ ಮಿತಿ 32 ಕಿಲೊ. ಹಾಗಾಗಿ ಭೀಮ ಒಡೆಯರ ಲಗೇಜಾಗಿ ಹೋಗುವ ಎರಡನೆಯ ದಾರಿ ಮುಚ್ಚಿತು, ಕಾರ್ಗೋ ಒಂದೇ ಉಳಿಯಿತು.

ಕ್ರೇಟ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಅಂಗಡಿಯವರ "ಲಾರ್ಜ್", "ಎಕ್ಸ್‌ಟ್ರಾ ಲಾರ್ಜ್" ಹೇಳುವುದಿಲ್ಲ. ಟೇಪು ಹಿಡಿದು ನಾಯಿಯನ್ನೇ ನಾಲ್ಕು ಕಡೆ ಅಳೆಯಬೇಕು. ನಾಯಿ ಸಹಜವಾಗಿ ನಿಂತಿರುವಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ ಮೊದಲನೆಯದು. ನೆಲದಿಂದ ಮುಂಗಾಲಿನ ಮೊಣಕೈ ಗಂಟಿನವರೆಗಿನ ಎತ್ತರ ಎರಡನೆಯದು. ಭುಜದ ಅಗಲ ಮೂರನೆಯದು. ನೆಲದಿಂದ ತಲೆಯ ತುದಿ ಅಥವಾ ನಿಮಿರಿದ ಕಿವಿಯ ತುದಿ, ಇವುಗಳಲ್ಲಿ ಯಾವುದು ಎತ್ತರವೋ ಅಲ್ಲಿಯವರೆಗಿನದು ನಾಲ್ಕನೆಯದು.

ಭೀಮನ ಅಳತೆ 80, 30, 26, 66 ಸೆಂಟಿಮೀಟರ್ ಬಂತು. ಕ್ರೇಟಿನ ಉದ್ದಕ್ಕೆ ಮೊದಲನೆಯದಕ್ಕೆ ಎರಡನೆಯದರ ಅರ್ಧ ಸೇರಿಸಬೇಕು: 80ಕ್ಕೆ 15, ಅಂದರೆ 95. ಅಗಲಕ್ಕೆ ಭುಜದ ಅಳತೆಯ ಎರಡರಷ್ಟು, 52. ಎತ್ತರಕ್ಕೆ ನಾಲ್ಕನೆಯ ಅಳತೆಗೆ ಹಾಸಿಗೆಯ ದಪ್ಪ ಸೇರಿಸಬೇಕು, 66ಕ್ಕೆ 4 ಸೇರಿ 70. ಇವೆಲ್ಲ ಕ್ರೇಟಿನ ಒಳ ಅಳತೆಗಳು. ಅಂಗಡಿಯ ಚೀಟಿಯಲ್ಲಿರುವುದು ಬಹುಪಾಲು ಹೊರ ಅಳತೆ. ಅವರ ಮನೆಯಲ್ಲಿದ್ದ ಹಳೆಯ ಕ್ರೇಟು ಹೊರಗಿನಿಂದ 91 ಸೆಂಟಿಮೀಟರ್ ಉದ್ದ, 69 ಎತ್ತರ. ಭೀಮ ಅದರಲ್ಲಿ ಆರಾಮವಾಗಿ ಮಲಗುತ್ತಿದ್ದ. ಆದರೆ ಲೆಕ್ಕದಲ್ಲಿ ಅದು ಉದ್ದಕ್ಕೂ ಸಾಲದು, ಎತ್ತರಕ್ಕೂ ಸಾಲದು. ಮುಂದಿನ ಗಾತ್ರದ 102×69×76 ಕ್ರೇಟು ತರಬೇಕಾಯಿತು. ನಿಂತಾಗ ಕಿವಿ ಮೇಲ್ಛಾವಣಿಗೆ ತಾಗುತ್ತಿದೆಯೇ ಎಂಬುದು ಕೌಂಟರಿನವರು ಮೊದಲು ನೋಡುವ ಸಂಗತಿ. ತಾಗಿದರೆ ಮಾತು ಅಲ್ಲಿಗೆ ಮುಗಿಯಿತು.

ಈ ಕ್ರೇಟು ಜೇಬಿನ ಲೆಕ್ಕವನ್ನೂ ಬದಲಿಸಿತು. ಕಾರ್ಗೋದಲ್ಲಿ ದರ ಹಾಕುವುದು ತಕ್ಕಡಿಯ ತೂಕ ಅಥವಾ ಗಾತ್ರದ ತೂಕ, ಯಾವುದು ಹೆಚ್ಚೋ ಅದರ ಮೇಲೆ. ಗಾತ್ರದ ತೂಕಕ್ಕೆ ರೂಢಿಯಲ್ಲಿರುವ ಸೂತ್ರವೆಂದರೆ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುವುದು. 102×69×76 ಅನ್ನು ಹೀಗೆ ಭಾಗಿಸಿದರೆ 89 ಕಿಲೊ ಬರುತ್ತದೆ. ತಕ್ಕಡಿಯಲ್ಲಿ 39 ತೂಗಿದ ಭೀಮನಿಗೆ 89 ಕಿಲೊ ಲೆಕ್ಕದಲ್ಲಿ ಬಾಡಿಗೆ. ಮುಂಚೆ ತಿಳಿಯದವರು ಕೌಂಟರಿನಲ್ಲಿ ದಂಗಾಗುವುದು ಇಲ್ಲೇ.

ಕ್ರೇಟಿನ ರಚನೆಯನ್ನೂ ನೋಡುತ್ತಾರೆ. ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಲೋಹದ ನಟ್ಟು ಬೋಲ್ಟುಗಳಿಂದ ಬಿಗಿದಿರಬೇಕು, ಪ್ಲಾಸ್ಟಿಕ್ ಕ್ಲಿಪ್ ನಡೆಯದು. ಬಾಗಿಲು ಲೋಹದ್ದಿರಬೇಕು. ಗಾಳಿಯ ಕಿಂಡಿಗಳ ಮೂಲಕ ಮೂಗಾಗಲಿ ಪಂಜವಾಗಲಿ ಹೊರಗೆ ಬರಬಾರದು. ಚಕ್ರಗಳಿದ್ದರೆ ತೆಗೆದಿರಬೇಕು, ಏಕೆಂದರೆ ವಿಮಾನದ ಹೊಟ್ಟೆಯಲ್ಲಿ ಉರುಳುವ ವಸ್ತು ಇರಕೂಡದು. ನೀರಿನ ಬಟ್ಟಲನ್ನು ಬಾಗಿಲು ತೆರೆಯದೆ ಹೊರಗಿನಿಂದಲೇ ತುಂಬುವಂತಿರಬೇಕು. ಭೀಮನ ಬಟ್ಟಲಿನ ನೀರನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ಗಟ್ಟಿ ಮಾಡಿದ್ದರು. ಎತ್ತಿ ಇಳಿಸುವಾಗ ಚೆಲ್ಲದೆ, ನಿಧಾನವಾಗಿ ಕರಗಿ ಕುಡಿಯಲು ಸಿಗುತ್ತದೆ.

"ನಿದ್ದೆ ಮಾತ್ರೆ ಕೊಟ್ಟಿದ್ದೀರಾ ಸಾರ್?" ಎಂಬುದು ಕಾರ್ಗೋ ಸಿಬ್ಬಂದಿಯ ಪ್ರಶ್ನೆ. "ಇಲ್ಲಪ್ಪ, ಡಾಕ್ಟ್ರು ಬೇಡ ಅಂದ್ರು," ಎಂದರು ನೆರೆಮನೆಯವರು. ಮಾತ್ರೆ ತಿಂದು ಮಂಪರಿನಲ್ಲಿರುವ ಪ್ರಾಣಿಯನ್ನು ಕಂಪನಿಗಳು ಒಪ್ಪುವುದಿಲ್ಲ. ಮಂಪರು ತರಿಸುವ ಔಷಧ ರಕ್ತದೊತ್ತಡವನ್ನೂ ಉಸಿರಾಟವನ್ನೂ ತಗ್ಗಿಸುತ್ತದೆ. ಕ್ರೇಟು ವಾಲಿದಾಗ ಕಾಲೂರಿ ನಿಲ್ಲುವ ಶಕ್ತಿಯನ್ನೂ ಕಸಿಯುತ್ತದೆ. ಕೆಳಗಿನ ಕೋಣೆಯಲ್ಲಿ ಏನಾದರೂ ಆದರೆ ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಸರಕು ಕೋಣೆಯಲ್ಲಿ ಗಾಳಿ, ಬಿಸಿಲು, ಚಪ್ಪಟೆ ಮೂಗು

ಕೆಳಗೆ ಗಾಳಿಯೇ ಇರುವುದಿಲ್ಲ ಎಂಬ ಭಯ ಬಹಳ ಜನರಿಗಿದೆ. ಸರಕು ಕೋಣೆಯ ಗಾಳಿಯ ಒತ್ತಡ ಪ್ರಯಾಣಿಕರ ಕ್ಯಾಬಿನ್ನಿನಷ್ಟೇ ಇರುತ್ತದೆ. ವ್ಯತ್ಯಾಸ ಇರುವುದು ಗಾಳಿಯಾಟ ಮತ್ತು ಉಷ್ಣತೆಯಲ್ಲಿ. ದೇಶದೊಳಗೆ ಹೆಚ್ಚು ಹಾರುವ ಏರ್‌ಬಸ್ ಎ320 ಬಗೆಯ ವಿಮಾನಗಳಲ್ಲಿ ಸರಕು ಕೋಣೆಗೆ ಗಾಳಿ ಹಾಯಿಸುವ, ಬೆಚ್ಚಗಿಡುವ ವ್ಯವಸ್ಥೆಯನ್ನು ಕಂಪನಿ ಬೇಕೆಂದರೆ ಹಾಕಿಸಿಕೊಳ್ಳಬಹುದು, ಎಲ್ಲ ವಿಮಾನಗಳಲ್ಲೂ ಅದು ಇರುವುದಿಲ್ಲ. ಆದ್ದರಿಂದ ಬುಕ್ಕಿಂಗ್ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ದಿನ ಹಾರುವ ವಿಮಾನ ಜೀವಂತ ಪ್ರಾಣಿಗಳಿಗೆ ತಕ್ಕದ್ದೇ? ಕೊನೆಗಳಿಗೆಯಲ್ಲಿ ವಿಮಾನ ಬದಲಾದರೆ ನಾಯಿಯನ್ನು ಮುಂದಿನ ವಿಮಾನಕ್ಕೆ ಹಾಕುವ ಸಾಧ್ಯತೆಯೂ ಇದೆ. ಹತ್ತಿದ ಪ್ರಾಣಿಯ ವಿವರ ಪೈಲಟ್‌ಗೆ ಕೊಡುವ ಪಟ್ಟಿಯಲ್ಲಿ ಬರೆದು ಹೋಗುತ್ತದೆ, ಅದನ್ನು ನೋಡಿ ಅವರು ಕೋಣೆಯ ಉಷ್ಣತೆ ಹೊಂದಿಸುತ್ತಾರೆ.

ನಿಜವಾದ ಅಪಾಯ ಆಕಾಶದಲ್ಲಿ ಅಲ್ಲ, ನೆಲದ ಮೇಲೆ. ಕ್ರೇಟು ಗೋದಾಮಿನಿಂದ ವಿಮಾನದ ಬುಡಕ್ಕೆ ಹೋಗಿ, ಹತ್ತುವ ಸರದಿಗೆ ಬಿಸಿಲಿನಲ್ಲಿ ಕಾಯುವ ಹೊತ್ತು ಅದು. ಬೆಂಗಳೂರಿನ ಹವೆ ತಂಪೆಂದು ಸಮಾಧಾನಪಟ್ಟರೂ ಮೇ ತಿಂಗಳ ದೆಹಲಿಯಲ್ಲಿ ಇಳಿದಾಗ ಆ ಸಮಾಧಾನ ಉಳಿಯದು. ಭೀಮನ ಮನೆಯವರು ಬೆಳಗಿನ ಮೊದಲ ವಿಮಾನ ಆರಿಸಿದ್ದು ಇದಕ್ಕೇ.

ನಾಯಿ ಮೈ ತಣಿಸಿಕೊಳ್ಳುವುದು ಹೆಚ್ಚಾಗಿ ಏದುಸಿರಿನಿಂದ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ, ಪರ್ಷಿಯನ್ ಬೆಕ್ಕುಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು. ಹೆದರಿಕೆ, ಸೆಕೆ ಎರಡೂ ಸೇರಿದರೆ ಅವು ಬೇಗ ಕುಸಿಯುತ್ತವೆ. ಅದಕ್ಕೇ ಹಲವು ಕಂಪನಿಗಳು ಇವನ್ನು ಸರಕು ಕೋಣೆಗೆ ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಂಡರೂ ಕ್ರೇಟು ಲೆಕ್ಕಕ್ಕಿಂತ ಶೇ 10ರಷ್ಟು ದೊಡ್ಡದಿರಬೇಕು. ಹಚ್ ಜಾಹೀರಾತಿನ ಕಾಲದಿಂದ ನಮ್ಮಲ್ಲಿ ಮನೆಮನೆಗೆ ಬಂದ ಪಗ್‌ಗೆ ಕ್ಯಾಬಿನ್ನಿನಲ್ಲಿ ತೂಕ ಮೀರಿದರೆ, ರೈಲು ಅಥವಾ ಕಾರನ್ನು ಯೋಚಿಸುವುದೇ ಲೇಸು.

ವಿದೇಶಕ್ಕಾದರೆ ಕ್ಯಾಲೆಂಡರ್ ಎದುರಿಗಿರಲಿ

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಕಂಪನಿಯ ನಿಯಮದ ಮೇಲೆ ಇಳಿಯುವ ದೇಶದ ನಿಯಮ ಬಂದು ಕೂರುತ್ತದೆ, ಮತ್ತು ಅದನ್ನು ದಿನಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಎಣಿಸಬೇಕು. ಜರ್ಮನಿಯನ್ನೇ ನೋಡೋಣ. ರೇಬೀಸ್ ವಿಷಯದಲ್ಲಿ ಐರೋಪ್ಯ ಒಕ್ಕೂಟ ಭಾರತವನ್ನು ವಿನಾಯಿತಿಯ ಪಟ್ಟಿಯಲ್ಲಿ ಇಟ್ಟಿಲ್ಲ. ಆದ್ದರಿಂದ ಕ್ರಮ ಹೀಗೆ: ಮೊದಲು ಐಎಸ್‌ಒ ಮಾದರಿಯ ಮೈಕ್ರೋಚಿಪ್, ಅದರ ನಂತರವೇ ರೇಬೀಸ್ ಲಸಿಕೆ, ಲಸಿಕೆಯಿಂದ ಕನಿಷ್ಠ 30 ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವಿಕೆ. ಜನವರಿ 5ರಂದು ಚಿಪ್ ಹಾಕಿಸಿ ಅಂದೇ ಲಸಿಕೆ ಕೊಡಿಸಿದರೆ ಫೆಬ್ರವರಿ 4ಕ್ಕೆ ಮುಂಚೆ ರಕ್ತ ತೆಗೆಯುವಂತಿಲ್ಲ, ಮೇ 4ಕ್ಕೆ ಮುಂಚೆ ಫ್ರಾಂಕ್‌ಫರ್ಟಿನಲ್ಲಿ ಇಳಿಯುವಂತಿಲ್ಲ. ಪರೀಕ್ಷೆಯಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಹೆಚ್ಚು ಇರಬೇಕು, ಪರೀಕ್ಷೆ ಮಾಡಿದ ಪ್ರಯೋಗಾಲಯ ಒಕ್ಕೂಟದ ಒಪ್ಪಿಗೆಯ ಪಟ್ಟಿಯಲ್ಲಿರಬೇಕು.

ಇಲ್ಲಿ ಕೆಡುವುದು ಎರಡು ಕಡೆ. ಚಿಪ್ಪಿಗೆ ಮುಂಚೆ ಕೊಡಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ಇದೇ ಪ್ರಾಣಿಗೆ ಬಿದ್ದಿತೆಂದು ತೋರಿಸಲು ಗುರುತಿಲ್ಲ. ಮತ್ತೆ, ಪರೀಕ್ಷೆಯಾದ ಬಳಿಕ ಮುಂದಿನ ಲಸಿಕೆಯ ಗಡುವು ಒಂದು ದಿನ ತಪ್ಪಿದರೂ ಇಡೀ ಸರಣಿ ಮೊದಲಿನಿಂದ ಶುರುವಾಗುತ್ತದೆ. ಚಿಪ್ಪಿನ 15 ಅಂಕಿಗಳು ಲಸಿಕೆ ಪುಸ್ತಕ, ರಕ್ತದ ವರದಿ, ಆರೋಗ್ಯ ಪ್ರಮಾಣಪತ್ರ ಮೂರರಲ್ಲೂ ಒಂದೇ ಇವೆಯೇ ಎಂದು ಬೆರಳಿಟ್ಟು ಓದಿ ನೋಡಬೇಕು.

ಕೊನೆಯ ಮೊಹರು ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯದು. ಅದರ ಕಚೇರಿ ಬೆಂಗಳೂರಿನಲ್ಲೇ ಇದೆ. ಐರೋಪ್ಯ ಒಕ್ಕೂಟಕ್ಕೆ ಬೇಕಾದ ಆರೋಗ್ಯ ಪ್ರಮಾಣಪತ್ರಕ್ಕೆ ಅಧಿಕಾರಿ ಸಹಿ ಹಾಕಿದ 10 ದಿನಗಳೊಳಗೆ ಪ್ರಾಣಿ ಅಲ್ಲಿ ಇಳಿಯಬೇಕು. ಸರ್ಕಾರಿ ರಜೆ, ವಾರಾಂತ್ಯ ಸೇರಿಸಿಯೇ ಆ ಕಚೇರಿಯ ಭೇಟಿಯ ದಿನ ಗೊತ್ತುಮಾಡಬೇಕು. ಬ್ರಿಟನ್ನಿಗಾದರೆ ನಾಯಿ, ಬೆಕ್ಕುಗಳು ವಿಮಾನದಲ್ಲಿ ಕಾರ್ಗೋ ಆಗಿಯೇ ಬರಬೇಕು, ಕ್ಯಾಬಿನ್ನಿನ ಮಾತೇ ಇಲ್ಲ. ಅಮೆರಿಕದಲ್ಲಿ 2024ರ ಆಗಸ್ಟ್ 1ರಿಂದ ಬಂದ ನಿಯಮದ ಪ್ರಕಾರ ನಾಯಿಗೆ ಆರು ತಿಂಗಳು ತುಂಬಿರಬೇಕು, ಭಾರತದಂಥ ದೇಶಗಳಿಂದ ಹೋಗುವ ನಾಯಿಗಳು ಗೊತ್ತುಮಾಡಿದ ಕೆಲವೇ ನಿಲ್ದಾಣಗಳಲ್ಲಿ ಇಳಿಯಬೇಕು.

ವಿಮಾನದಲ್ಲಿ ಪ್ರಾಣಿ ಒಯ್ಯಬೇಕೆಂದಿರುವವರು ಕೆಲಸವನ್ನು ಈ ಸರದಿಯಲ್ಲಿ ಮಾಡಿ: ಮೊದಲು ಪ್ರಾಣಿಯ ತೂಕ ಮತ್ತು ನಾಲ್ಕು ಅಳತೆ, ಆಮೇಲೆ ಇಳಿಯುವ ಊರಿನ ಅಥವಾ ದೇಶದ ನಿಯಮ, ಆಮೇಲೆ ಕಂಪನಿಗೆ ಫೋನ್, ಅದಾದ ಮೇಲೆ ಬ್ಯಾಗು ಅಥವಾ ಕ್ರೇಟು, ಕಟ್ಟಕಡೆಗೆ ನಿಮ್ಮ ಟಿಕೆಟ್. ದೇಶದೊಳಗಿನ ಪ್ರಯಾಣಕ್ಕೆ ಒಂದು ತಿಂಗಳು, ಯುರೋಪಿಗೆ ಆರು ತಿಂಗಳು ಮುಂಚೆ ಶುರು ಮಾಡಿದರೆ ಸಾಕಾಗುತ್ತದೆ. ನಿಲ್ದಾಣದ ಕೌಂಟರಿನಲ್ಲಿ ನಿಂತ ಮೇಲೆ ಬದಲಿಸಬಹುದಾದ್ದು ಏನೂ ಉಳಿದಿರುವುದಿಲ್ಲ.